ಮನೆ ಯಾರ ಹೆಸರಿನಲ್ಲಿದೆ?

ಇಬ್ಬರ ನಡುವೆ 19 ವರ್ಷಗಳ ಅಂತರವಿದೆ ಎಂದಷ್ಟೇ ಹೇಳಿದರೆ ಏನೂ ತಿಳಿಯುವುದಿಲ್ಲ. 46ರ ಹೆಂಗಸು 65ರವರನ್ನು ಮದುವೆಯಾದರೆ ಆಕೆಗೆ ಆಗಲೇ ತನ್ನದೇ ದುಡಿಮೆ, ಬಳಗ, ಬೇಡ ಎನ್ನುವ ಅಭ್ಯಾಸ ಇರುತ್ತವೆ. 24ರ ಹುಡುಗಿ 43ರವನ ಮನೆಗೆ ಹೋದಾಗ ಅವೆಲ್ಲ ಇನ್ನೂ ಮೊಳೆಯುತ್ತಿರುತ್ತವೆ.

ಹೀಗೊಂದು ಜೋಡಿಯನ್ನು ಊಹಿಸಿಕೊಳ್ಳಿ. ಆತನಿಗೆ ಇದು ಎರಡನೇ ಮದುವೆ, ಮೊದಲ ಹೆಂಡತಿಯಿಂದ ಇಬ್ಬರು ಮಕ್ಕಳು. ಬೆಂಗಳೂರಿನ ಫ್ಲ್ಯಾಟ್ ಆತ ಹಿಂದೆಯೇ ಕೊಂಡದ್ದು. ಆಕೆಯದು ಮೊದಲ ಕೆಲಸ. "ನನ್ನ ಸಂಬಳ ಸಾಲದೇ?" ಎಂದು ಆತ ಪ್ರೀತಿಯಿಂದಲೇ ಕೇಳುತ್ತಾನೆ, ಆಕೆ ಕೆಲಸ ಬಿಡುತ್ತಾಳೆ. ಯಾರೂ ಗದರಿಲ್ಲ. ಆದರೂ ಅಂದಿನಿಂದ ತವರಿಗೆ ಹೋಗುವ ಬಸ್ಸಿನ ದುಡ್ಡಿಗೂ ಆಕೆ ಕೇಳಬೇಕು. ಭಿನ್ನಾಭಿಪ್ರಾಯ ಬಂದಾಗ "ನಿನಗಿನ್ನೂ ಗೊತ್ತಾಗಲ್ಲ ಬಿಡು" ಎಂಬ ಮಾತಿಗೆ ವಾದ ಮುಗಿಯುತ್ತದೆ. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಈ ಮಾತೇ. ಅನುಭವವಿರುವವರು ಕಾರಣ ಹೇಳಿ ಒಪ್ಪಿಸಬಹುದು, ವಯಸ್ಸನ್ನೇ ಕಾರಣವಾಗಿ ಕೊಟ್ಟರೆ ಅದಕ್ಕೆ ಎದುರುತ್ತರವೇ ಇಲ್ಲ.

ಆದ್ದರಿಂದ ಆಕೆ ತನ್ನನ್ನು ಕೇಳಿಕೊಳ್ಳಬೇಕಾದ್ದು "ಅವರು ಒಳ್ಳೆಯವರೇ?" ಎಂದಲ್ಲ. ನಾನು ಬೇಡ ಎಂದ ಯಾವ ವಿಷಯ ಕೊನೆಗೂ ನಿಂತಿತು? ಈ ಮನೆ ಬಿಡಬೇಕಾಗಿ ಬಂದರೆ ಮೂರು ತಿಂಗಳು ಎಲ್ಲಿರುತ್ತೇನೆ, ಯಾವ ದುಡ್ಡಿನಲ್ಲಿ? ಆತನೂ ಕೇಳಿಕೊಳ್ಳಲಿ: ಆಕೆಯ ಮಾತಿಗೆ ನನ್ನ ತೀರ್ಮಾನ ಬದಲಾದದ್ದು ಯಾವಾಗ? ನನ್ನ ವಯಸ್ಸಿನವಳಾಗಿದ್ದರೆ ಹೀಗೆಯೇ ಮಾತಾಡುತ್ತಿದ್ದೆನೇ?

ಕಾನೂನು ಒಂದಿಷ್ಟು ಆಸರೆ ಕೊಡುತ್ತದೆ. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೆಂಡತಿಗೆ ಕೊಟ್ಟಿದೆ. ಆಕೆಗೆ ನ್ಯಾಯವಾಗಿ ಸಲ್ಲಬೇಕಾದ ಹಣವನ್ನು ತಡೆಹಿಡಿಯುವುದನ್ನು ಅದು ಆರ್ಥಿಕ ದೌರ್ಜನ್ಯ ಎಂದೇ ಕರೆಯುತ್ತದೆ. ಆದರೆ ವಾಸದ ಹಕ್ಕು ಒಡೆತನವಲ್ಲ.

ದೊಡ್ಡ ಅಂತರವಿದ್ದಲ್ಲಿ ಆಕೆ ಒಂಟಿಯಾಗಿ ಕಳೆಯಬೇಕಾದ ವರ್ಷಗಳೂ ಹೆಚ್ಚಿರಬಹುದು. ಆತ ಹಿಂದೂ ಆಗಿದ್ದು, ಉಯಿಲು ಬರೆಯದೆ ತೀರಿಕೊಂಡನೆನ್ನಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಆ ಫ್ಲ್ಯಾಟ್ ಹೆಂಡತಿ, ಇಬ್ಬರು ಮಕ್ಕಳು ಮತ್ತು ಬದುಕಿದ್ದರೆ ಆತನ ತಾಯಿಗೆ ಸಮನಾಗಿ ಸೇರುತ್ತದೆ. ತಾಯಿ ಬದುಕಿದ್ದರೆ ಆಕೆಯ ಪಾಲು ನಾಲ್ಕನೇ ಒಂದು. ಬ್ಯಾಂಕಿನಲ್ಲಿ ನಾಮಿನಿ ಮಾಡಿದ್ದೇನಲ್ಲ ಎಂದು ಆತ ಹೇಳಿರಬಹುದು. ಠೇವಣಿಗೆ ನಾಮಿನಿಯಾದವರು ಹಣ ಪಡೆಯಬಹುದೇ ಹೊರತು ಅಷ್ಟಕ್ಕೇ ಅದರ ಒಡೆಯರಾಗುವುದಿಲ್ಲ, ವಾರಸುದಾರರು ತಮ್ಮ ಪಾಲು ಕೇಳಬಹುದು. ಸ್ವಯಾರ್ಜಿತ ಆಸ್ತಿಯನ್ನು ಉಯಿಲಿನ ಮೂಲಕ ಬೇರೆಯವರಿಗೆ ಬರೆಯುವುದಕ್ಕೂ ಆತನಿಗೆ ಅಡ್ಡಿಯಿಲ್ಲ.

ಇದನ್ನೆಲ್ಲ ಮದುವೆಗೆ ಮೊದಲೇ ಕೇಳುವುದು ದುಡ್ಡಿನಾಸೆ ಎಂದು ಹಲವರು ಹಂಗಿಸುತ್ತಾರೆ. ಕೇಳಬೇಕು. ಉಯಿಲಿಗೆ ಬೇಕಾದ್ದು ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದಿನ ತಕರಾರಿನಲ್ಲಿ ನೆರವಾಗುತ್ತದೆ. ಆಕೆ ಕೆಲಸ ಬಿಡಲೇಬೇಕಾದರೆ ಆಕೆಯೊಬ್ಬಳದೇ ಖಾತೆಗೆ ತಿಂಗಳಿಗಿಷ್ಟು ಎಂದು ಹಣ ಹೋಗಲಿ, ಅದರ ಲೆಕ್ಕವನ್ನು ಯಾರೂ ಕೇಳದಿರಲಿ.