ಮೂರನೆಯ ಗಂಟೆಗೆ ತಡವರಿಸುವ ಆಟ

ಕಂಪ್ಯೂಟರ್‌ನಲ್ಲಿ ನಡೆಯುವ ಆಟವೊಂದು ತನಗೆ ಬೇಕಾದ ಮೆಮೊರಿಯನ್ನು ವಿಂಡೋಸ್‌ನಿಂದ ಕೇಳಿ ಪಡೆಯುತ್ತದೆ, ಕೆಲಸ ಮುಗಿದ ಮೇಲೆ ಹಿಂದಿರುಗಿಸುತ್ತದೆ. ಹೊಸ ಊರಿಗೆ ಹೋದಾಗ ಅಲ್ಲಿನ ಮನೆ, ಮರ, ಜನರ ಚಿತ್ರಗಳು ರ್‍ಯಾಮ್‌ಗೆ ಬರಬೇಕು; ಊರು ಬಿಟ್ಟಾಗ ಅವು ಜಾಗ ಖಾಲಿ ಮಾಡಬೇಕು. ಆಟ ಬರೆದವರ ತಪ್ಪಿನಿಂದ ಈ ಎರಡನೆಯ ಕೆಲಸ ಅಲ್ಲಲ್ಲಿ ಬಿಟ್ಟುಹೋದರೆ ಆ ಜಾಗ ಯಾರಿಗೂ ಉಪಯೋಗಕ್ಕೆ ಬಾರದೆ ಆಟದ ಹೆಸರಿನಲ್ಲೇ ಉಳಿಯುತ್ತದೆ. ಇದನ್ನು ಮೆಮೊರಿ ಸೋರಿಕೆ ಎನ್ನುತ್ತಾರೆ. ಒಂದು ಸಲಕ್ಕೆ ಸೋರುವುದು ಅಲ್ಪವೇ. ಆದರೆ ಗಂಟೆಗಟ್ಟಲೆ ಆಡುವವರಿಗೆ ಅದು ಕೂಡಿಕೊಂಡು ಕಾಡುತ್ತದೆ.

ಸೋರಿಕೆಯನ್ನು ಗುರುತಿಸಲು ವಿಂಡೋಸ್‌ನಲ್ಲೇ ಇರುವ ಟಾಸ್ಕ್ ಮ್ಯಾನೇಜರ್ ಸಾಕು. ಅದರ Details ಪುಟದಲ್ಲಿ ಮೇಲಿನ ಶೀರ್ಷಿಕೆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ, Select columns ಆರಿಸಿ, Commit size ಎಂಬುದಕ್ಕೆ ಗುರುತು ಹಾಕಬೇಕು. ಆಟವು ತನ್ನದೆಂದು ಪಡೆದುಕೊಂಡಿರುವ ಒಟ್ಟು ಮೆಮೊರಿಯ ಲೆಕ್ಕ ಇದು. ಮಾಮೂಲಾಗಿ ಕಾಣುವ ಮೆಮೊರಿ ಅಂಕಿಯನ್ನು ನಂಬಿದರೆ ಮೋಸ ಹೋಗುವ ಸಂಭವವಿದೆ. ರ್‍ಯಾಮ್ ತುಂಬಿದಾಗ ವಿಂಡೋಸ್ ಆಟದ ಹಳೆಯ ಪುಟಗಳನ್ನು ಡಿಸ್ಕ್‌ಗೆ ಸರಿಸುವುದರಿಂದ ಆ ಅಂಕಿ ಇಳಿದಂತೆ ಕಾಣುತ್ತದೆ. Commit size ಮಾತ್ರ ಇಳಿಯುವುದಿಲ್ಲ.

ಅಂಕಿ ಏರಿತೆಂದ ಮಾತ್ರಕ್ಕೆ ಸೋರಿಕೆ ಎಂದು ತೀರ್ಮಾನಿಸುವಂತಿಲ್ಲ. ಹೊಸ ಜಾಗಗಳನ್ನು ತೋರಿಸಬೇಕಾದಾಗ ಯಾವ ಆಟವಾದರೂ ಹೆಚ್ಚು ಮೆಮೊರಿ ಕೇಳುತ್ತದೆ, ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಸೋರಿಕೆಯ ಏರಿಕೆಗೆ ಆ ನಿಲುಗಡೆ ಇರುವುದಿಲ್ಲ. ಆದ್ದರಿಂದ ಅಳತೆಯನ್ನು ಪ್ರತಿ ಸಲವೂ ಆಟದ ಒಂದೇ ಜಾಗದಲ್ಲಿ ನಿಂತು ತೆಗೆದುಕೊಳ್ಳಬೇಕು.

16 ಜಿಬಿ ರ್‍ಯಾಮ್ ಇರುವ ಒಂದು ಕಂಪ್ಯೂಟರನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ವಿಂಡೋಸ್, ಬ್ರೌಸರ್ ಎಲ್ಲ ಸೇರಿ 5 ಜಿಬಿ ಹಿಡಿದಿವೆ. ಆಟ ಶುರುವಾಗಿ, ಆಟಗಾರ ಊರಿನ ಚೌಕದಲ್ಲಿ ನಿಂತಾಗ Commit size ಸುಮಾರು 6 ಜಿಬಿ. ಒಂದು ಗಂಟೆ ಸುತ್ತಾಡಿ ಅದೇ ಚೌಕಕ್ಕೆ ಬಂದಾಗ 7.5, ಎರಡನೆಯ ಗಂಟೆಗೆ 9, ಮೂರನೆಯದಕ್ಕೆ 10.5. ಚೌಕ ಅದೇ, ಜನ ಅವರೇ, ಆದರೂ ಗಂಟೆಗೆ ಒಂದೂವರೆ ಜಿಬಿ ಕೂಡುತ್ತಿದೆ. ಇದು ಸೋರಿಕೆಯೇ. ಮೊದಲ ಎರಡು ಗಂಟೆ ಆಟಗಾರನಿಗೆ ಏನೂ ತಿಳಿಯುವುದಿಲ್ಲ, ಏಕೆಂದರೆ ರ್‍ಯಾಮ್‌ನಲ್ಲಿ ಇನ್ನೂ ಜಾಗವಿದೆ. ಮೂರನೆಯ ಗಂಟೆಗೆ ಒಟ್ಟು ಮೊತ್ತ 15.5 ಜಿಬಿ ಮುಟ್ಟಿ ರ್‍ಯಾಮ್ ಬಹುತೇಕ ಭರ್ತಿಯಾಗುತ್ತದೆ.

ಇಲ್ಲಿಂದ ಮುಂದೆ ವಿಂಡೋಸ್ ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟ ಮೆಮೊರಿಯನ್ನು ಡಿಸ್ಕ್‌ನಲ್ಲಿರುವ ಪೇಜ್ ಫೈಲ್‌ಗೆ ಬರೆದಿಡುತ್ತದೆ. ಆಟ ಅದನ್ನು ಮತ್ತೆ ಕೇಳಿದಾಗ ಡಿಸ್ಕ್‌ನಿಂದ ಓದಿ ತರಬೇಕು. ಸೆಕೆಂಡಿಗೆ 60 ಫ್ರೇಮ್ ತೋರಿಸುವ ಆಟಕ್ಕೆ ಒಂದು ಫ್ರೇಮ್ ಸಿದ್ಧಪಡಿಸಲು ಸಿಗುವುದು 16.7 ಮಿಲಿಸೆಕೆಂಡ್ ಮಾತ್ರ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಒಂದೇ ಒಂದು ಓದಿಗೆ ಹಲವು ಮಿಲಿಸೆಕೆಂಡ್ ಹಿಡಿಯುತ್ತದೆ. ಎಸ್‌ಎಸ್‌ಡಿ ಬಹಳ ವೇಗದ್ದಾದರೂ ರ್‍ಯಾಮ್‌ಗೆ ಸಮನಲ್ಲ. ಇಂಥ ಓದು ಒಂದರ ಹಿಂದೆ ಒಂದು ಬಂದಾಗ ಆಟ ಗಕ್ಕನೆ ನಿಂತು ಮುಂದೆ ಹೋಗುತ್ತದೆ. ಸ್ಟಾರ್ಟ್ ಮೆನುವಿನಲ್ಲಿ resmon ಎಂದು ಟೈಪ್ ಮಾಡಿ ರಿಸೋರ್ಸ್ ಮಾನಿಟರ್ ತೆರೆದರೆ, Memory ಪುಟದ Hard Faults/sec ಗ್ರಾಫ್ ಆಟ ನಿಂತ ಹೊತ್ತಿಗೇ ಮೇಲೇರುವುದು ಕಾಣುತ್ತದೆ.

ಇದಕ್ಕೆ ಆಟಗಾರನ ಕೈಯಲ್ಲಿರುವ ಮದ್ದು ಆಟವನ್ನು ಮುಚ್ಚಿ ಮತ್ತೆ ತೆರೆಯುವುದು. ಆಟ ಮುಗಿದ ಕೂಡಲೇ ಅದರ ಹೆಸರಿನಲ್ಲಿದ್ದ ಮೆಮೊರಿಯನ್ನೆಲ್ಲ, ಸೋರಿದ್ದನ್ನೂ ಸೇರಿಸಿ, ವಿಂಡೋಸ್ ಹಿಂದಕ್ಕೆ ಪಡೆಯುತ್ತದೆ. ಆಟ ತಾನಾಗಿ ಹಿಂದಿರುಗಿಸಬೇಕೆಂಬ ಅಗತ್ಯ ಆಗ ಇರುವುದಿಲ್ಲ. ಮುಖ್ಯ ಮೆನುವಿಗೆ ಹೋಗಿ ಬಂದರೆ ಈ ಫಲ ಸಿಗುವುದು ಖಚಿತವಲ್ಲ, ಏಕೆಂದರೆ ಅಲ್ಲಿ ಆಟ ಇನ್ನೂ ನಡೆಯುತ್ತಲೇ ಇರುತ್ತದೆ. ಪೂರ್ತಿ ಹೊರಬಂದು, ಟಾಸ್ಕ್ ಮ್ಯಾನೇಜರ್‌ನಲ್ಲಿ ಆಟದ ಹೆಸರು ಮಾಯವಾದುದನ್ನು ನೋಡಿ ಮತ್ತೆ ತೆರೆಯಬೇಕು. ಮೇಲಿನ ಲೆಕ್ಕದ ಕಂಪ್ಯೂಟರ್‌ನಲ್ಲಿ ಎರಡೂವರೆ ಗಂಟೆಗೊಮ್ಮೆ, ಆಟವನ್ನು ಸೇವ್ ಮಾಡಿ, ಹೀಗೆ ಮಾಡಿದರೆ ತಡವರಿಕೆಯ ಹಂತವೇ ಬರುವುದಿಲ್ಲ. ಪೇಜ್ ಫೈಲನ್ನು ದೊಡ್ಡದು ಮಾಡಿದರೆ ಆಟ ಕುಸಿದು ಮುಚ್ಚಿಕೊಳ್ಳುವುದು ಮುಂದಕ್ಕೆ ಹೋಗುತ್ತದೆ, ನಿಧಾನ ಮಾತ್ರ ತಪ್ಪುವುದಿಲ್ಲ. ನಿಜವಾದ ರಿಪೇರಿ ಆಟ ತಯಾರಿಸಿದವರಿಂದಲೇ ಬರಬೇಕು.

ಕೆಲವೊಮ್ಮೆ ಸೋರುವುದು ಆಟವಲ್ಲ, ಡ್ರೈವರ್. ಆಟ ಮುಚ್ಚಿದ ಮೇಲೂ ಟಾಸ್ಕ್ ಮ್ಯಾನೇಜರ್‌ನ Performance ಪುಟದಲ್ಲಿ Non-paged pool ಅಂಕಿ ದಿನವಿಡೀ ಏರುತ್ತಲೇ ಇದ್ದರೆ ಅನುಮಾನ ಅತ್ತ ಹೋಗಬೇಕು. ಆಗ ಕಂಪ್ಯೂಟರನ್ನೇ ಮರುಆರಂಭಿಸಬೇಕು, ಅದೂ Restart ಒತ್ತಿ. Fast startup ಚಾಲೂ ಇರುವ ಕಂಪ್ಯೂಟರ್‌ಗಳಲ್ಲಿ Shut down ಒತ್ತಿದರೆ ವಿಂಡೋಸ್‌ನ ಒಳಭಾಗ ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು, ಮರುದಿನ ಹಾಗೆಯೇ ವಾಪಸಾಗುತ್ತದೆ.

ಸ್ಟ್ಯಾಂಡ್‌ಬೈ ಮೆಮೊರಿಯ ವಿಚಾರ ಇದಕ್ಕಿಂತ ಬೇರೆ. ರಿಸೋರ್ಸ್ ಮಾನಿಟರ್‌ನ Memory ಪುಟದ ಕೆಳಗಿನ ಪಟ್ಟಿಯಲ್ಲಿ ಕಡುನೀಲಿಯಾಗಿ ಕಾಣುವ Standby ಭಾಗವು, ಮತ್ತೆ ಬೇಕಾದೀತೆಂದು ವಿಂಡೋಸ್ ರ್‍ಯಾಮ್‌ನಲ್ಲಿ ಬಿಟ್ಟಿರುವ ಪುಟಗಳ ದಾಸ್ತಾನು. ಇದರ ಬಹುಪಾಲು ಡಿಸ್ಕ್‌ನಿಂದ ಓದಿದ ಫೈಲ್‌ಗಳದು. ಅದೇ ಫೈಲ್ ಮತ್ತೆ ಬೇಕಾದರೆ ಡಿಸ್ಕ್‌ಗೆ ಹೋಗದೆ ಇಲ್ಲಿಂದಲೇ ಸಿಗುತ್ತದೆ. ಬೇರೆ ಪ್ರೋಗ್ರಾಮ್ ಜಾಗ ಕೇಳಿದರೆ ವಿಂಡೋಸ್ ಇದನ್ನು ತಕ್ಷಣ ಬಿಟ್ಟುಕೊಡುತ್ತದೆ. ಹಾಗಾಗಿ Free ಎಂಬುದು ಸೊನ್ನೆಯ ಹತ್ತಿರವಿದ್ದರೂ Available ಧಾರಾಳವಾಗಿದ್ದರೆ ಅದು ಸಹಜ ಸ್ಥಿತಿ. ಬರಿದಾಗಿ ಬಿದ್ದಿರುವ ರ್‍ಯಾಮ್‌ನಿಂದ ಯಾವ ಲಾಭವೂ ಇಲ್ಲ.

ಸೋರಿದ ಮೆಮೊರಿ ಆಟದ ಲೆಕ್ಕದಲ್ಲಿರುತ್ತದೆ, ಸ್ಟ್ಯಾಂಡ್‌ಬೈ ದಾಸ್ತಾನನ್ನು ಖಾಲಿ ಮಾಡಿದರೆ ಆ ಲೆಕ್ಕ ಕರಗುವುದಿಲ್ಲ. ಬದಲಿಗೆ ಆಟ ಮತ್ತೆ ಕೇಳಬಹುದಾದ ಚಿತ್ರಗಳು ಅಳಿಸಿಹೋಗಿ, ಅವನ್ನು ಡಿಸ್ಕ್‌ನಿಂದ ಹೊಸದಾಗಿ ಓದಬೇಕಾಗಿ ಮುಂದಿನ ಕೆಲವು ಹೊತ್ತು ತಡವರಿಕೆ ಹೆಚ್ಚಬಹುದು.

ಆದರೂ ಅದು ನೆರವಾಗುವ ಸಂದರ್ಭವೊಂದಿದೆ. 2017ರ ವಸಂತದಲ್ಲಿ ಬಂದ ವಿಂಡೋಸ್ 10 ಕ್ರಿಯೇಟರ್ಸ್ ಅಪ್‌ಡೇಟ್‌ನ ನಂತರ, Free ಸೊನ್ನೆಗಿಳಿದ ಹೊತ್ತಿನಲ್ಲಿ ಆಟ ತಡವರಿಸುತ್ತದೆಂದು ಅನೇಕ ಆಟಗಾರರು ದೂರಿದರು. ದಾಸ್ತಾನಿನಿಂದ ಜಾಗ ಬಿಡಿಸಿಕೊಡುವ ಕೆಲಸವೇ ಅಲ್ಲಿ ಸರಾಗವಾಗಿ ನಡೆಯುತ್ತಿರಲಿಲ್ಲ. ಇಂಥ ಅನುಮಾನ ಬಂದರೆ ಪರೀಕ್ಷೆ ಸರಳ. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಪುಟದಿಂದ ಉಚಿತವಾಗಿ ಸಿಗುವ ರ್‍ಯಾಮ್‌ಮ್ಯಾಪ್ ತೆರೆದು, Empty ಮೆನುವಿನಲ್ಲಿ Empty Standby List ಒತ್ತಬೇಕು. ಆಟದ Commit size ಸ್ಥಿರವಾಗಿದ್ದು, ಖಾಲಿ ಮಾಡಿದ ಮೇಲೆ ತಡವರಿಕೆ ನಿಂತು, Free ಮತ್ತೆ ತೀರಿದಾಗ ಅದು ಮರಳಿದರೆ ಕಾರಣ ಸಿಕ್ಕಂತೆ. ಬದಲಾವಣೆ ಕಾಣದಿದ್ದರೆ ಅದನ್ನು ಮತ್ತೆ ಮತ್ತೆ ಒತ್ತುವುದು ವ್ಯರ್ಥ. ಅದೇ ಮೆನುವಿನ Empty Working Sets ಅನ್ನು ಆಟದ ನಡುವೆ ಮುಟ್ಟಬಾರದು. ಅದು ಆಟ ಆ ಕ್ಷಣಕ್ಕೆ ಬಳಸುತ್ತಿರುವ ಪುಟಗಳನ್ನೇ ಅದರ ಕೈಯಿಂದ ಕಿತ್ತು ಸರಿಸುತ್ತದೆ.

Commit size ಏರದೆ, Available ಧಾರಾಳವಾಗಿದ್ದೂ ಆಟ ನಿಧಾನವಾಗುತ್ತಿದ್ದರೆ ಹುಡುಕಾಟ ರ್‍ಯಾಮ್‌ನಿಂದಾಚೆಗೆ ಹೋಗಬೇಕು. ಲ್ಯಾಪ್‌ಟಾಪ್‌ಗಳಲ್ಲಿ ಕಾರಣ ಅನೇಕ ಸಲ ಬಿಸಿ: ಪ್ರೊಸೆಸರ್ ಕಾದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಗ ಆಟವನ್ನು ಮುಚ್ಚಿ ತಕ್ಷಣ ತೆರೆದರೂ ನಿಧಾನ ಹಾಗೆಯೇ ಇರುತ್ತದೆ, ಯಂತ್ರ ತಣಿದ ಮೇಲೆ ವೇಗ ಮರಳುತ್ತದೆ.