ಅಂಗಡಿಯಲ್ಲಿ ಹತ್ತು, ಕಾರ್ಖಾನೆಯಲ್ಲಿ ಇನ್ನೂರೆಪ್ಪತ್ತು

ಮಗುವಿನ ಡೈಪರ್‌ನಷ್ಟು ಸಮನಾಗಿ ಖರ್ಚಾಗುವ ಸರಕು ಅಂಗಡಿಯಲ್ಲಿ ಕಡಿಮೆ. ಹಬ್ಬ ಬಂತೆಂದು ಅದರ ಖರ್ಚು ದುಪ್ಪಟ್ಟಾಗುವುದಿಲ್ಲ, ಆಷಾಢ ಎಂದು ನಿಲ್ಲುವುದೂ ಇಲ್ಲ. ಆದರೂ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು ತಮ್ಮ ಪ್ಯಾಂಪರ್ಸ್ ಡೈಪರ್‌ನ ಆರ್ಡರ್‌ಗಳನ್ನು ಪರಿಶೀಲಿಸಿದಾಗ ವಿಚಿತ್ರವೊಂದು ಕಂಡಿತು. ಅಂಗಡಿಗಳ ಮಾರಾಟದಲ್ಲಿ ಏರಿಳಿತ ಅಲ್ಪ. ವಿತರಕರ ಆರ್ಡರ್‌ಗಳಲ್ಲಿ ಅದು ಬಹಳ ಹೆಚ್ಚು. ಕಂಪನಿಯೇ ಕಚ್ಚಾ ಸಾಮಗ್ರಿಗಾಗಿ ಕೊಟ್ಟ ಆರ್ಡರ್‌ಗಳಲ್ಲಿ ಇನ್ನೂ ಹೆಚ್ಚು. ಚಾಟಿಯ ಹಿಡಿ ಸ್ವಲ್ಪ ಅಲುಗಿದರೆ ತುದಿ ಜೋರಾಗಿ ಬೀಸುವಂತೆ ಕಂಡ ಈ ವಿದ್ಯಮಾನಕ್ಕೆ ಬುಲ್‌ವಿಪ್ ಎಫೆಕ್ಟ್ ಎಂಬ ಹೆಸರು ಬಂತು. ಹೌ ಲೀ, ಪದ್ಮನಾಭನ್ ಮತ್ತು ವಾಂಗ್ 1997ರಲ್ಲಿ ಇದರ ಕಾರಣಗಳನ್ನು ಬಿಡಿಸಿಟ್ಟರು.

ಯಾರೂ ಹುಡುಗಾಟ ಆಡದಿದ್ದರೂ ಹೀಗೇಕಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಒಂದು ಅಂಗಡಿ, ಅದರ ಹಿಂದೆ ಡಿಸ್ಟ್ರಿಬ್ಯೂಟರ್, ಅವರ ಹಿಂದೆ ಕಂಪನಿಯ ಡಿಪೋ, ಕೊನೆಗೆ ಕಾರ್ಖಾನೆ ಎಂದುಕೊಳ್ಳಿ. ಅಂಗಡಿಯಲ್ಲಿ ವಾರಕ್ಕೆ 100 ಪ್ಯಾಕೆಟ್ ಮಾರಾಟ. ಕಾರ್ಖಾನೆಗಿಂತ ಕೆಳಗಿನ ಮೂವರದೂ ಒಂದೇ ನಿಯಮ: ವಾರದ ಕೊನೆಗೆ, ಆ ವಾರ ಎಷ್ಟು ಸರಕು ಹೋಯಿತೋ ಅದರ ಎರಡರಷ್ಟು ದಾಸ್ತಾನು ಕೈಯಲ್ಲಿರಬೇಕು. ಹಾಗಾಗಿ ಪ್ರತಿಯೊಬ್ಬರ ಬಳಿಯೂ 200 ಪ್ಯಾಕೆಟ್ ಇದೆ. ಆರ್ಡರ್ ಕೊಟ್ಟ ಸರಕು ಅಂದೇ ಬರುತ್ತದೆ ಎಂದು ಲೆಕ್ಕ ಸುಲಭ ಮಾಡಿಕೊಳ್ಳೋಣ.

ಒಂದು ವಾರ ಮಾರಾಟ 110ಕ್ಕೆ ಏರಿತು. ಅಂಗಡಿಯವರು ಹೋದ 110ನ್ನು ತುಂಬಿಸಬೇಕು, ದಾಸ್ತಾನನ್ನು 200ರಿಂದ 220ಕ್ಕೆ ಏರಿಸಲು ಇನ್ನೂ 20 ಬೇಕು. ಆರ್ಡರ್ 130. ಡಿಸ್ಟ್ರಿಬ್ಯೂಟರ್‌ಗೆ ಗಿರಾಕಿ ಕಾಣುವುದಿಲ್ಲ, ಕಾಣುವುದು ಈ 130 ಮಾತ್ರ. ಅವರ ದಾಸ್ತಾನು ಈಗ 260 ಆಗಬೇಕು, ಆದ್ದರಿಂದ ಅವರ ಆರ್ಡರ್ 190. ಡಿಪೋಗೆ 190ರ ಎರಡರಷ್ಟು, ಅಂದರೆ 380 ಬೇಕು. ಅದು ಕಾರ್ಖಾನೆಯಿಂದ ಕೇಳುವುದು 370. ಗಿರಾಕಿಗಳು ಹೆಚ್ಚಿಗೆ ಕೊಂಡದ್ದು 10, ಕಾರ್ಖಾನೆಗೆ ಹೆಚ್ಚಿಗೆ ಬಂದ ಆರ್ಡರ್ 270.

ಮುಂದಿನ ವಾರವೂ ಮಾರಾಟ 110ರಲ್ಲೇ ನಿಂತಿತು. ಅಂಗಡಿಯ ಆರ್ಡರ್ 110. ಡಿಸ್ಟ್ರಿಬ್ಯೂಟರ್ ಕಣ್ಣಿಗೆ ಬೇಡಿಕೆ 130ರಿಂದ 110ಕ್ಕೆ ಬಿದ್ದಂತೆ. 150 ಕೈಯಲ್ಲಿದೆ, 220 ಇದ್ದರೆ ಸಾಕು, ಆರ್ಡರ್ 70. ಡಿಪೋದಲ್ಲಿ 70 ಕಳಿಸಿದ ಮೇಲೂ 310 ಉಳಿದಿದೆ, ಬೇಕಾದದ್ದು 140. ಕಾರ್ಖಾನೆಗೆ ಹೋದ ಆರ್ಡರ್ ಸೊನ್ನೆ. ಮೂರನೇ ವಾರ 20, ನಾಲ್ಕನೇ ವಾರಕ್ಕೆ 110. ಮೊದಲ ವಾರ ಓವರ್‌ಟೈಮ್ ಕೊಟ್ಟು ಯಂತ್ರ ಓಡಿಸಿದವರು ಎರಡನೇ ವಾರ ಕಾರ್ಮಿಕರನ್ನು ಸುಮ್ಮನೆ ಕೂರಿಸಬೇಕಾಯಿತು. ಅಂಗಡಿಯಲ್ಲಾದರೋ ಮಾರಾಟ ಒಂದು ದಿನವೂ ಇಳಿದಿರಲಿಲ್ಲ!

ಇಲ್ಲಿ ಯಾರ ನಿರ್ಧಾರವೂ ಮೂರ್ಖತನದ್ದಲ್ಲ. ತಪ್ಪಿರುವುದು ಒಂದೇ ಕಡೆ: ಕೆಳಗಿನವರ ಆರ್ಡರ್‌ನಲ್ಲಿ ನಿಜವಾದ ಮಾರಾಟವೂ ದಾಸ್ತಾನು ಹೊಂದಿಸಿಕೊಳ್ಳುವ ಒಂದು ಸಲದ ಲೆಕ್ಕವೂ ಬೆರೆತಿದೆ, ಮೇಲಿನವರು ಎರಡನ್ನೂ ಬೇಡಿಕೆ ಎಂದೇ ಓದುತ್ತಾರೆ. ತಿಂಗಳ ಕೊನೆಯ ಟಾರ್ಗೆಟ್, ಸ್ಕೀಮ್‌ಗಾಗಿ ಒಟ್ಟಿಗೆ ಎತ್ತುವ ಮಾಲು, ಲಾರಿ ತುಂಬಲೆಂದು ತಡೆದಿಟ್ಟ ಆರ್ಡರ್, ಅಭಾವದ ಭಯಕ್ಕೆ ಎರಡು ಪಟ್ಟು ಕೇಳುವ ಚಾಳಿ, ಇವೆಲ್ಲ ಈ ಬೆರಕೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ನನ್ನ ಮಟ್ಟಿಗೆ ಇವುಗಳಲ್ಲಿ ಟಾರ್ಗೆಟ್ಟೇ ದೊಡ್ಡ ಅಪರಾಧಿ, ಏಕೆಂದರೆ ಅದು ಕಂಪನಿ ತಾನೇ ತನಗೆ ತಂದುಕೊಳ್ಳುವ ಏರಿಳಿತ.

ಅಂಗಡಿಯ ಬಿಲ್ಲಿಂಗ್ ಯಂತ್ರದ 110 ಎಂಬ ಅಂಕಿ ಎಲ್ಲರಿಗೂ ಕಾಣುವಂತಿದ್ದರೆ? ಆಗ ಮೂವರ ಗುರಿಯೂ 220. ಅಂಗಡಿ 130, ಡಿಸ್ಟ್ರಿಬ್ಯೂಟರ್ 150, ಡಿಪೋ 170 ಕೇಳುತ್ತವೆ. 370 ಇದ್ದದ್ದು 170ಕ್ಕೆ ಇಳಿಯಿತು, ಎರಡನೇ ವಾರಕ್ಕೇ ಎಲ್ಲರದೂ 110. ಆದರೆ 110 ಆಗಿ ಉಳಿಯಲಿಲ್ಲ ಎಂಬುದನ್ನೂ ಗಮನಿಸಬೇಕು. ಮಾಹಿತಿ ಹಂಚಿದರೂ ಪ್ರತಿ ಹಂತದ ದಾಸ್ತಾನು ಏರಲೇಬೇಕು. ಅದನ್ನು ಇನ್ನೂ ತಗ್ಗಿಸಬೇಕಾದರೆ ಸರಕು ಬೇಗ ತಲುಪಬೇಕು, ಆಗ ಎರಡು ವಾರದ ಬದಲು ಒಂದೇ ವಾರದ ದಾಸ್ತಾನು ಸಾಕಾಗುತ್ತದೆ. ಹಾಗೆ ಮಾಡಿದರೆ, ಮಾಹಿತಿ ಹಂಚದಿದ್ದರೂ ಸಹ, ಕಾರ್ಖಾನೆಗೆ ಹೋಗುವ ಆರ್ಡರ್ 370ರ ಬದಲು 180.

ಆಪರೇಷನ್ಸ್ ಓದುತ್ತಿರುವವರು ಇಂಟರ್ನ್‌ಶಿಪ್‌ಗೆ ಹೋದಲ್ಲಿ ಒಂದೇ ಸರಕಿನ ವಾರವಾರದ ಮಾರಾಟವನ್ನೂ ಅದೇ ಸರಕಿಗೆ ಕೊಟ್ಟ ಆರ್ಡರನ್ನೂ ಪಕ್ಕಪಕ್ಕ ಬರೆದು, ಎರಡರ ವೇರಿಯನ್ಸ್ ಲೆಕ್ಕ ಹಾಕಿ. ಆರ್ಡರಿನದನ್ನು ಮಾರಾಟದ್ದರಿಂದ ಭಾಗಿಸಿದಾಗ 1ಕ್ಕಿಂತ ಹೆಚ್ಚು ಬಂದರೆ, ಏರಿಳಿತವನ್ನು ಹಿಗ್ಗಿಸುತ್ತಿರುವ ಕೊಂಡಿ ಅದೇ.