ಅಂಗಡಿ ಬೆಳೆದದ್ದೆಷ್ಟು?

ಗೃಹಸ್ಥರೊಬ್ಬರು ನಿವೃತ್ತರಾಗಿ ಭವಿಷ್ಯನಿಧಿಯ ಹಣ ಕೈಸೇರಿದ ಸಮಯದಲ್ಲಿ ಬಂಧುಗಳೊಬ್ಬರು ಬಂದು, “ನಮ್ಮ ಅಂಗಡಿಯಲ್ಲಿ ಪಾಲುದಾರರಾಗಿ, ವ್ಯಾಪಾರ ವರ್ಷಕ್ಕೆ ಶೇಕಡಾ 28ರಂತೆ ಬೆಳೆಯುತ್ತಿದೆ” ಎಂದು ಕರೆಯುತ್ತಾರೆಂದು ಭಾವಿಸೋಣ. ಕರೆದವರು ಸುಳ್ಳು ಹೇಳುವವರಲ್ಲ, ಲೆಕ್ಕಪತ್ರಗಳನ್ನೂ ಮುಂದಿಡುತ್ತಾರೆ. ಆದರೂ ಆ 28 ಎಂಬ ಅಂಕಿ ನಿಜವಾಗಿ ಏನನ್ನು ಹೇಳುತ್ತದೆ? ಜೀವಮಾನದ ಉಳಿತಾಯ ಈ ಒಂದು ಪ್ರಶ್ನೆಯ ಉತ್ತರವನ್ನು ಅವಲಂಬಿಸಿರುವಾಗ, ಅದನ್ನು ಲೆಕ್ಕದ ಹಾಳೆಗಳಿಂದಲೇ ತಿಳಿಯುವ ಬಗೆಯನ್ನು ಅರಿತಿರುವುದು ಲೇಸು.

ಅಂಗಡಿಯನ್ನು ಬೆಂಗಳೂರಿನ ಒಂದು ಬಡಾವಣೆಯಲ್ಲಿ ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ, ಹಪ್ಪಳಗಳನ್ನು ತಯಾರಿಸಿ ಮಾರುವ ಕಾಂಡಿಮೆಂಟ್ಸ್ ಎಂದಿಟ್ಟುಕೊಳ್ಳಿ. ಅದರ ಆರು ವರ್ಷಗಳ ಲಾಭ-ನಷ್ಟದ ಲೆಕ್ಕ ನಮ್ಮ ಮುಂದಿದೆ. ಮೊದಲು ಮಾರಾಟದ ಮೊಬಲಗನ್ನಷ್ಟೇ ಒಂದು ಕಾಗದದ ಮೇಲೆ ಸಾಲಾಗಿ ಬರೆದುಕೊಳ್ಳಬೇಕು. 2018-19ರಲ್ಲಿ 20 ಲಕ್ಷ ರೂಪಾಯಿ. ಮರುವರ್ಷ 22 ಲಕ್ಷ. ಲಾಕ್‌ಡೌನಿನಲ್ಲಿಯೇ ಆರಂಭವಾದ 2020-21ರಲ್ಲಿ 13.20 ಲಕ್ಷ, ಅನಂತರ ಕ್ರಮವಾಗಿ 19.80 ಲಕ್ಷ, 24.75 ಲಕ್ಷ; ಕೊನೆಗೆ 2023-24ರಲ್ಲಿ 27.72 ಲಕ್ಷ.

ಬಂಧುಗಳ 28 ಎಲ್ಲಿಂದ ಬಂದಿತೆಂಬುದು ಈಗ ಗೋಚರವಾಗುತ್ತದೆ. ಅವರು ಎಣಿಕೆಯನ್ನು 2020-21ರಿಂದ ಆರಂಭಿಸಿದ್ದಾರೆ. 13.20 ಲಕ್ಷ ಮೂರು ವರ್ಷಗಳಲ್ಲಿ 27.72 ಲಕ್ಷವಾದರೆ ವರ್ಷಕ್ಕೆ ಶೇಕಡಾ 28ರ ಏರಿಕೆಯೇ ಸರಿ. ಗುಣಾಕಾರದಲ್ಲಿ ತಪ್ಪಿಲ್ಲ, ಆರಂಭದ ವರ್ಷದಲ್ಲಿ ತಪ್ಪಿದೆ. ಬಾವಿಗೆ ಬಿದ್ದವನು ಮೇಲೆ ಬಂದುದನ್ನೇ ಬೆಟ್ಟ ಹತ್ತಿದನೆನ್ನಲಾಗದು. ಎಣಿಕೆಗೆ ಸಾಮಾನ್ಯವಾದ ಒಂದು ವರ್ಷವನ್ನೇ ಮೊದಲನೆಯದಾಗಿ ಆರಿಸಬೇಕು. ಇಲ್ಲಿ ಅದು 2018-19.

ಇನ್ನು ಬೆಳವಣಿಗೆಯನ್ನು ಅಳೆಯುವ ಕ್ರಮ. ಪ್ರತಿ ವರ್ಷದ ಏರಿಳಿತವನ್ನು ಶೇಕಡಾ ಲೆಕ್ಕದಲ್ಲಿ ತೆಗೆದರೆ 10 ಏರಿಕೆ, 40 ಇಳಿತ, ಮುಂದೆ 50, 25, 12ರ ಏರಿಕೆಗಳು ದೊರೆಯುತ್ತವೆ. ಇವನ್ನು ಕೂಡಿ ಕಳೆದು ಐದರಿಂದ ಭಾಗಿಸಿದರೆ 11.4 ಬರುತ್ತದೆ. ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಈ ಸರಾಸರಿ ನಂಬತಕ್ಕದ್ದಲ್ಲ. ನಡುವಿನ ಎರಡು ವರ್ಷಗಳನ್ನೇ ನೋಡಿ: 40 ಇಳಿದು 50 ಏರಿದರೆ ಸರಾಸರಿಯಂತೆ ವರ್ಷಕ್ಕೆ 5ರ ಲಾಭವಾಗಬೇಕು, ಆದರೆ 22 ಲಕ್ಷವಿದ್ದ ಮಾರಾಟ 19.80 ಲಕ್ಷಕ್ಕೆ ಬಂದು ನಿಂತಿದೆ. ಇಳಿದದ್ದು 22ರ ಮೇಲಿನ ಶೇಕಡಾ, ಏರಿದ್ದು ಅದಕ್ಕಿಂತ ಸಣ್ಣದಾದ 13.20ರ ಮೇಲಿನ ಶೇಕಡಾ. ಬೇರೆ ಬೇರೆ ಮೊತ್ತಗಳ ಶೇಕಡಾಗಳನ್ನು ಕೂಡುವುದು ಸೇರನ್ನೂ ಪಾವನ್ನೂ ಒಂದೇ ಎಂದು ಎಣಿಸಿದಂತೆ.

ಸರಿಯಾದ ದಾರಿ ನಮಗೆ ಪರಿಚಿತವಾದ ಚಕ್ರಬಡ್ಡಿಯದೇ. ಮೊದಲ ವರ್ಷದ 20 ಲಕ್ಷವನ್ನು ಬ್ಯಾಂಕಿನಲ್ಲಿಟ್ಟು, ಅದು 2023-24ರ ವೇಳೆಗೆ 27.72 ಲಕ್ಷವಾಗಬೇಕಾದರೆ ಯಾವ ದರದ ಚಕ್ರಬಡ್ಡಿ ಬೇಕು ಎಂದು ಕೇಳಿಕೊಳ್ಳಬೇಕು. ಇಲ್ಲಿ ಒಂದು ಎಚ್ಚರ ಅಗತ್ಯ. ಲೆಕ್ಕದ ಹಾಳೆಗಳು ಆರಿದ್ದರೂ ಅವುಗಳ ನಡುವಣ ಹೆಜ್ಜೆಗಳು ಐದೇ. ಆರು ಕಂಬಗಳ ನಡುವೆ ಐದು ಅಂಕಣಗಳಿರುವಂತೆ. ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ಹೀಗೆ ಬರೆದರೆ ಉತ್ತರ ಸಿಗುತ್ತದೆ:

```
=(27.72/20)^(1/5)-1
```

ಉತ್ತರ ಶೇಕಡಾ 6.75. ಸಂಶಯವಿದ್ದವರು ಕೈಲೆಕ್ಕದಿಂದಲೇ ಪರೀಕ್ಷಿಸಬಹುದು. 20ನ್ನು 1.0675ರಿಂದ ಗುಣಿಸಿದರೆ 21.35, ಅದನ್ನು ಮತ್ತೆ ಗುಣಿಸಿದರೆ 22.79, ಹೀಗೆ ಐದು ಸಲ ಗುಣಿಸುವಷ್ಟರಲ್ಲಿ 27.72 ಬಂದೇ ಬರುತ್ತದೆ. ಸರಾಸರಿಯ 11.4ರಿಂದ ಗುಣಿಸುತ್ತ ಹೋದರೆ ಮೊತ್ತ 34 ಲಕ್ಷವನ್ನು ಮೀರುತ್ತದೆ. ಅಷ್ಟು ಮಾರಾಟ ಆ ಅಂಗಡಿಯಲ್ಲಿ ಎಂದೂ ಆಗಿಲ್ಲ.

ಈ 6.75 ಕೂಡ ಪೂರ್ತಿಯಾಗಿ ಅಂಗಡಿಯ ಸಾಮರ್ಥ್ಯವಲ್ಲ. ಚಕ್ಕುಲಿಯ ಬೆಲೆ ಏರಿದರೆ, ಅಷ್ಟೇ ಪೊಟ್ಟಣಗಳನ್ನು ಮಾರಿದರೂ ಮಾರಾಟದ ಮೊಬಲಗು ಏರುತ್ತದೆ. ಭಾರತದ ಗ್ರಾಹಕ ಬೆಲೆ ಸೂಚ್ಯಂಕವು ಈ ಐದು ಹೆಜ್ಜೆಗಳಲ್ಲಿ ಒಟ್ಟು ಶೇಕಡಾ 32ರಷ್ಟು ಮೇಲೇರಿತು. ಅಂಗಡಿಯ ಮಾರಾಟ ಏರಿದ್ದು ಶೇಕಡಾ 38.6. ಒಂದನ್ನು ಇನ್ನೊಂದರಿಂದ ಕಳೆಯದೆ, 1.386ನ್ನು 1.32ರಿಂದ ಭಾಗಿಸಬೇಕು. ಉಳಿಯುವ ನಿಜವಾದ ಏರಿಕೆ ಐದು ವರ್ಷಕ್ಕೆಲ್ಲ ಸೇರಿ ಶೇಕಡಾ 5. ವರ್ಷಕ್ಕೆ ಒಂದಕ್ಕೂ ಕೊಂಚ ಕಡಿಮೆ. ಸೂಚ್ಯಂಕ ನಾನಾ ಪದಾರ್ಥಗಳದ್ದಾದುದರಿಂದ ಇದು ಅಂದಾಜೇ ಸರಿ. ಅಂಗಡಿಯವರಲ್ಲಿ ಮಾರಿದ ಪೊಟ್ಟಣಗಳ ಅಥವಾ ಕಿಲೋಗಳ ಎಣಿಕೆಯಿದ್ದರೆ ಅದೇ ಉತ್ತಮ ಸಾಕ್ಷಿ.

ಮಾರಾಟವಾಯಿತು; ಲಾಭದ ಮಾತೇನು? 2018-19ರಲ್ಲಿ ನಿವ್ವಳ ಲಾಭ 3 ಲಕ್ಷ, 2023-24ರಲ್ಲಿ 4.80 ಲಕ್ಷ. ಹಿಂದಿನ ಕ್ರಮದಂತೆಯೇ ಎಣಿಸಿದರೆ ವರ್ಷಕ್ಕೆ ಸುಮಾರು ಶೇಕಡಾ 9.9ರ ಏರಿಕೆ. ಮಾರಾಟಕ್ಕಿಂತ ಲಾಭ ಬೇಗ ಬೆಳೆದಂತೆ ಕಾಣುತ್ತದೆ. ಇಂತಹ ಸಂತೋಷದ ಸಂಗತಿ ಕಂಡೊಡನೆ ಲಾಭ-ನಷ್ಟದ ಲೆಕ್ಕದ ಎರಡೂ ಬದಿಗಳನ್ನು ಸಾಲುಸಾಲಾಗಿ ಓದಬೇಕು.

ಆದಾಯದ ಬದಿಯಲ್ಲಿ 60,000 ರೂಪಾಯಿ, ಹಳೆಯ ವ್ಯಾನು ಮಾರಿದ್ದರಿಂದ ಬಂದ ಲಾಭ. ಅದು ಒಮ್ಮೆ ಬಂದು ಹೋಗುವ ಹಣ. ಮುಂದಿನ ವರ್ಷ ಮಾರಲು ಇನ್ನೊಂದು ವ್ಯಾನಿಲ್ಲ. ಖರ್ಚಿನ ಬದಿಯಲ್ಲಿ ಹಿಂದಿದ್ದ ಒಬ್ಬ ಸಹಾಯಕನ ಸಂಬಳ ಈಗ ಕಾಣೆಯಾಗಿದೆ. ವಿಚಾರಿಸಿದರೆ, ಆ ಕೆಲಸವನ್ನು ಮನೆಯ ಮಗನೇ ಸಂಬಳವಿಲ್ಲದೆ ಮಾಡುತ್ತಿದ್ದಾನೆ. ಹೊರಗಿನವನನ್ನು ಇಟ್ಟರೆ ತಿಂಗಳಿಗೆ 14,000, ವರ್ಷಕ್ಕೆ 1.68 ಲಕ್ಷ ಕೊಡಬೇಕಾಗುತ್ತದೆ. ಈ ಎರಡನ್ನೂ ಕಳೆದರೆ 4.80 ಲಕ್ಷದಲ್ಲಿ ಉಳಿಯುವುದು 2.52 ಲಕ್ಷ. ಎಂದರೆ ಲಾಭ ಬೆಳೆದಿಲ್ಲ. ವರ್ಷಕ್ಕೆ ಶೇಕಡಾ 3.4ರಂತೆ ಕುಗ್ಗಿದೆ! ಹಿಂದೆ ನೂರು ರೂಪಾಯಿ ಮಾರಾಟದಲ್ಲಿ 15 ರೂಪಾಯಿ ಉಳಿಯುತ್ತಿತ್ತು, ಈಗ ಉಳಿಯುವುದು 9 ರೂಪಾಯಿ ಮಾತ್ರ. ಅಂಗಡಿಯ ಒಡೆಯರ ಸ್ವಂತ ದುಡಿಮೆಗೂ ಲೆಕ್ಕದಲ್ಲಿ ಸಂಬಳ ಹಿಡಿದಿಲ್ಲ. ಎರಡು ವರ್ಷಗಳಲ್ಲಿಯೂ ಹಾಗೆಯೇ ಇರುವುದರಿಂದ ಹೋಲಿಕೆ ನಡೆಯುತ್ತದೆ. ಆದರೆ ಪಾಲುದಾರನಾಗುವವನು ಅದನ್ನು ಮರೆಯಲಾಗದು.

ಲಾಭದ ಲೆಕ್ಕಕ್ಕೆ ಇನ್ನೊಂದು ಮಿತಿಯುಂಟು. 2020-21ರಲ್ಲಿ ಈ ಅಂಗಡಿಗೆ 40,000 ರೂಪಾಯಿ ನಷ್ಟ, ಮರುವರ್ಷ 1.20 ಲಕ್ಷ ಲಾಭ. ಇದು ಶೇಕಡಾ ಎಷ್ಟು ಏರಿಕೆ? ಈ ಪ್ರಶ್ನೆಗೆ ಅರ್ಥವೇ ಇಲ್ಲ. ನಷ್ಟದ ಮೇಲೆ ಶೇಕಡಾ ಎಣಿಸಲಾಗದು. ಚಕ್ರಬಡ್ಡಿಯ ಕ್ರಮವೂ ಅಲ್ಲಿ ನಡೆಯದು. “ನಷ್ಟ ಹೋಗಿ ಲಾಭ ಬಂದು, 1.60 ಲಕ್ಷದಷ್ಟು ಸುಧಾರಿಸಿತು” ಎಂದು ರೂಪಾಯಿಗಳಲ್ಲಿಯೇ ಹೇಳುವುದು ಯುಕ್ತ. ಅಂತಹ ಕಡೆ ಯಾರಾದರೂ ಶೇಕಡಾ ಹೇಳಿದರೆ ಅವರ ಉಳಿದ ಅಂಕಿಗಳನ್ನೂ ಮತ್ತೊಮ್ಮೆ ಎಣಿಸಿ ನೋಡಬೇಕು.

ಹಾಗಾದರೆ ಪಾಲುದಾರಿಕೆ ಬೇಡವೆಂದೇ ಹೇಳಬೇಕೆ? ಲೆಕ್ಕ ಅಷ್ಟನ್ನು ಹೇಳುವುದಿಲ್ಲ. ಮಾರಾಟ ಬೆಲೆಯೇರಿಕೆಯೊಡನೆ ಹೆಜ್ಜೆ ಹಾಕಿದೆ, ಉಳಿತಾಯ ಮಾತ್ರ ಸವೆದಿದೆ, ಎಂಬಷ್ಟನ್ನು ಅದು ಹೇಳಿತು. ಸವೆತ ಎಣ್ಣೆ-ಬೇಳೆಗಳ ಖರ್ಚಿನಲ್ಲಿದೆಯೋ, ಬಾಡಿಗೆಯಲ್ಲಿದೆಯೋ ಎಂಬುದನ್ನು ಅದೇ ಹಾಳೆಗಳಲ್ಲಿ ಪ್ರತಿ ಬಾಬ್ತನ್ನೂ ಮಾರಾಟದ ನೂರು ರೂಪಾಯಿಗೆ ಎಷ್ಟೆಂದು ಎಣಿಸಿ ಕಂಡುಕೊಳ್ಳಬಹುದು. ಬಾಡಿಗೆಯಾದರೆ ಬೇರೆ ಮಳಿಗೆ ಹುಡುಕಿದರೆ ತೀರೀತು. ಎಣ್ಣೆಯ ಬೆಲೆಯಾದರೆ, ಗಿರಾಕಿಗಳು ಹೆಚ್ಚಿನ ಬೆಲೆ ಕೊಟ್ಟು ಕೊಂಡಾರೆಯೇ ಎಂಬುದನ್ನು ನಿಶ್ಚಯಿಸಿಕೊಂಡ ಮೇಲೆಯೇ ಹಣದ ಮಾತು.